ಹೇಳಿದವರು ಯಾರು, ಅವರು ಕೇಳಿದ್ದು ಯಾರಿಂದ?

ಸಿರಿಯಾದ ಹಿಮ್ಸ್ ಪಟ್ಟಣಕ್ಕೆ ಒಮ್ಮೆ ಉಮರ್ ಇಬ್ನ್ ಮೂಸಾ ಎಂಬಾತ ಬಂದು ಮಸೀದಿಯಲ್ಲಿ ಹದೀಸ್ ಹೇಳತೊಡಗಿದ. ಮಾತು ಮಾತಿಗೂ ‘ನಿಮ್ಮೂರಿನ ಆ ಸಜ್ಜನ ಗುರುಗಳಿಂದ ಕೇಳಿದ್ದು’ ಎನ್ನುತ್ತಿದ್ದ. ಕುಳಿತು ಕೇಳುತ್ತಿದ್ದವರಲ್ಲಿ ಉಫೈರ್ ಇಬ್ನ್ ಮಅದಾನ್ ಎಂಬ ಸ್ಥಳೀಯ ವಿದ್ವಾಂಸರಿದ್ದರು. ಆ ಸಜ್ಜನರು ಯಾರು, ಹೆಸರು ಹೇಳಿದರೆ ನಮಗೂ ಗೊತ್ತಾದೀತು ಎಂದರು. ಖಾಲಿದ್ ಇಬ್ನ್ ಮಅದಾನ್ ಎಂದು ಉತ್ತರ ಬಂತು. ಅವರನ್ನು ಕಂಡದ್ದು ಯಾವ ವರ್ಷ ಎಂದು ಉಫೈರ್ ಕೇಳಿದರು. ಹಿಜರಿ 108 ಎಂದ. ಎಲ್ಲಿ? ಅರ್ಮೇನಿಯಾದ ದಂಡಯಾತ್ರೆಯಲ್ಲಿ. ಉಫೈರ್ ಅಲ್ಲಿಗೇ ತಡೆದರು. ದೇವರಿಗೆ ಹೆದರಪ್ಪಾ, ಖಾಲಿದ್ ತೀರಿಕೊಂಡದ್ದು 104ರಲ್ಲಿ, ಸತ್ತ ನಾಲ್ಕು ವರ್ಷಕ್ಕೆ ನೀನು ಅವರನ್ನು ಕಂಡೆಯಾ ಎಂದರು. ಅಷ್ಟಕ್ಕೂ ಬಿಡಲಿಲ್ಲ. ಖಾಲಿದ್ ಅರ್ಮೇನಿಯಾದ ಕಡೆಗೆ ಹೋದವರೇ ಅಲ್ಲ, ಅವರು ಹೋಗುತ್ತಿದ್ದುದು ರೋಮನರ ಗಡಿಯ ಯುದ್ಧಕ್ಕೆ ಎಂದೂ ಸೇರಿಸಿದರು.

ಈ ಪ್ರಸಂಗದಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬಂದಾತ ಹೇಳಿದ ಮಾತು ಒಳ್ಳೆಯದೋ ಕೆಟ್ಟದ್ದೋ ಎಂದು ಉಫೈರ್ ನೋಡಲೇ ಇಲ್ಲ. ಅವರಿಗೆ ಬೇಕಾಗಿದ್ದುದು ಇಬ್ಬರು ಮನುಷ್ಯರು ಒಂದೇ ಕಾಲದಲ್ಲಿ ಒಂದೇ ಜಾಗದಲ್ಲಿ ಇರಲು ಸಾಧ್ಯವಿತ್ತೇ ಎಂಬುದು. ಅದನ್ನು ಹೇಳಲು ಅವರ ಬಳಿ ಇದ್ದದ್ದು ಒಂದು ಸಾವಿನ ವರ್ಷ ಮತ್ತು ಒಬ್ಬ ಯೋಧನ ಓಡಾಟದ ನೆನಪು. ಇಸ್ಲಾಮೀ ವಿದ್ವತ್ತಿನಲ್ಲಿ ‘ಇಲ್ಮುರ್ರಿಜಾಲ್’ ಎಂದು ಹೆಸರಾದ ವರದಿಗಾರರ ಜೀವನಶಾಸ್ತ್ರ ಬೆಳೆದದ್ದು ಇಂಥ ಸಣ್ಣ ಸಣ್ಣ ವಿವರಗಳನ್ನು ಕೂಡಿಸಿಟ್ಟು.

ಪ್ರವಾದಿ ಮುಹಮ್ಮದರ ನಡೆನುಡಿಗಳ ಕುರಿತ ಒಂದೊಂದು ವರದಿಗೂ ಹದೀಸ್ ಎನ್ನುತ್ತಾರೆ. ಅದರಲ್ಲಿ ಎರಡು ಭಾಗ. ಮೊದಲು ಹೆಸರುಗಳ ಸರಪಳಿ: ಇಂಥವರು ನನಗೆ ಹೇಳಿದರು, ಅವರಿಗೆ ಇಂಥವರು, ಅವರಿಗೆ ಇಂಥವರು, ಹೀಗೆ ಪ್ರವಾದಿಯವರನ್ನು ಕಣ್ಣಾರೆ ಕಂಡ ಸಂಗಾತಿಯವರೆಗೆ. ಇದಕ್ಕೆ ಇಸ್ನಾದ್ ಅಥವಾ ಸನದ್ ಎಂದು ಹೆಸರು. ಅದರ ನಂತರ ಬರುವುದು ಮಾತು. ಸರಪಳಿಯಲ್ಲಿ ಬರುವ ಒಬ್ಬೊಬ್ಬರನ್ನೂ ವರದಿಗಾರ ಎನ್ನುತ್ತಾರೆ. ಪ್ರವಾದಿಯವರು ತೀರಿಕೊಂಡದ್ದು 632ರಲ್ಲಿ. ಇಂದು ಹೆಚ್ಚು ಬಳಕೆಯಲ್ಲಿರುವ ದೊಡ್ಡ ಹದೀಸ್ ಸಂಗ್ರಹಗಳು ಸಿದ್ಧವಾದದ್ದು ಒಂಬತ್ತನೆಯ ಶತಮಾನದಲ್ಲಿ. ನಡುವಿನ ಇನ್ನೂರು ವರ್ಷಗಳನ್ನು ದಾಟಿಸಿದವರು ಈ ವರದಿಗಾರರು.

ಆರಂಭದಲ್ಲಿ ಯಾರೂ ಸರಪಳಿ ಕೇಳುತ್ತಿರಲಿಲ್ಲ. ಮದೀನದಲ್ಲಿ ಸಂಗಾತಿಗಳೇ ಬದುಕಿದ್ದಾಗ ಅದರ ಅಗತ್ಯವೂ ಇರಲಿಲ್ಲ. ಬಸ್ರಾದ ಇಬ್ನ್ ಸೀರೀನ್ ಹಿಜರಿ 110ರಲ್ಲಿ, ಅಂದರೆ 729ರ ಸುಮಾರಿಗೆ ತೀರಿಕೊಂಡವರು. ಮುಸ್ಲಿಮರೊಳಗೆ ಕಲಹ ಹುಟ್ಟಿದ ಮೇಲೆಯೇ ಜನ ‘ನಿಮಗೆ ಹೇಳಿದವರ ಹೆಸರು ಹೇಳಿ’ ಎಂದು ಕೇಳತೊಡಗಿದ್ದು ಎಂಬರ್ಥದ ಮಾತನ್ನು ಅವರು ಆಡಿದ್ದಾಗಿ ದಾಖಲೆಯಿದೆ. ಆ ಕಲಹ 656ರಲ್ಲಿ ಖಲೀಫ ಉಸ್ಮಾನರ ಕೊಲೆಯಿಂದ ಶುರುವಾದದ್ದೋ, ಆಮೇಲಿನ ಯಾವುದಾದರೂ ಬಂಡಾಯವೋ ಎಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿದೆ. ಕಾರಣವಂತೂ ಸ್ಪಷ್ಟ. ಸಮಾಜ ಪಕ್ಷಗಳಾಗಿ ಒಡೆದಾಗ ಪ್ರತಿ ಪಕ್ಷಕ್ಕೂ ಪ್ರವಾದಿಯವರ ಮಾತಿನ ಬಲ ಬೇಕಾಯಿತು. ಇಲ್ಲದಿದ್ದರೆ ಹುಟ್ಟಿಸುವವರೂ ಬಂದರು.

ಕಟ್ಟುಕತೆಗಾರರೆಲ್ಲ ದುಷ್ಟರಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಹಾಗಿರಲಿಲ್ಲ. ಮರ್ವ್ ಪಟ್ಟಣದ ನ್ಯಾಯಾಧೀಶ ನೂಹ್ ಇಬ್ನ್ ಅಬೀ ಮರ್ಯಮ್ ಕುರ್‌ಆನಿನ ಒಂದೊಂದು ಅಧ್ಯಾಯ ಓದಿದರೆ ಇಂತಿಂಥ ಪುಣ್ಯ ಎಂಬ ಹದೀಸ್‌ಗಳನ್ನು ತಾನೇ ಕಟ್ಟಿದ್ದನೆಂದು ವಿಮರ್ಶಕರು ಬರೆದಿಟ್ಟಿದ್ದಾರೆ. ಜನ ಕುರ್‌ಆನ್ ಓದುವುದನ್ನು ಬಿಟ್ಟು ಬೇರೆ ಓದಿಗೆ ಹೋಗುತ್ತಿದ್ದಾರೆ, ಅವರನ್ನು ಮರಳಿ ತರಬೇಕು ಎಂಬುದು ಅವನ ಸಮಜಾಯಿಷಿ. ಭಕ್ತಿಯೇ ಸುಳ್ಳಿನ ಮೂಲವಾಗಬಹುದು ಎಂಬುದು ವಿಮರ್ಶಕರಿಗೆ ಬಹಳ ಬೇಗ ಮನವರಿಕೆಯಾಯಿತು. ಮದೀನದ ಇಮಾಮ್ ಮಾಲಿಕ್ (ಸಾವು 795) ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರವಾದಿಯವರ ಮಸೀದಿಯ ಕಂಬಗಳ ಬಳಿ ಕುಳಿತು ಹದೀಸ್ ಹೇಳುತ್ತಿದ್ದ ಎಪ್ಪತ್ತು ಜನರನ್ನು ತಾವು ಕಂಡಿದ್ದರೂ ಅವರಿಂದ ಒಂದನ್ನೂ ತೆಗೆದುಕೊಳ್ಳಲಿಲ್ಲ ಎಂದು ಅವರು ಹೇಳುತ್ತಿದ್ದರಂತೆ. ಅವರಲ್ಲಿ ಕೆಲವರ ಕೈಗೆ ಸರ್ಕಾರಿ ಖಜಾನೆಯನ್ನೇ ಒಪ್ಪಿಸಬಹುದಿತ್ತು, ಅಷ್ಟು ಪ್ರಾಮಾಣಿಕರು. ಆದರೆ ಇದು ಅವರ ಕಸುಬಲ್ಲ ಎಂಬುದು ಮಾಲಿಕರ ನಿಲುವು. ಹಣ ಕದಿಯದವನ ನೆನಪೂ ಮೋಸ ಮಾಡಬಹುದು. ಈ ಶಾಸ್ತ್ರ ಗುಣವನ್ನೂ ನೆನಪಿನ ನಿಖರತೆಯನ್ನೂ ಬೇರೆ ಬೇರೆಯಾಗಿ ಅಳೆಯತೊಡಗಿದ್ದು ಇಲ್ಲಿಂದ.

ಗುಣವನ್ನು ಊರವರನ್ನು ಕೇಳಿ ತಿಳಿಯಬಹುದು. ನೆನಪನ್ನು ಅಳೆಯುವುದು ಹೇಗೆ? ಇರಾಕಿನಲ್ಲಿ ವರದಿಗಾರರನ್ನು ಒಬ್ಬೊಬ್ಬರಾಗಿ ಪರೀಕ್ಷಿಸುವ ಪದ್ಧತಿಗೆ ಮೊದಲಿಗರೆಂದು ಹೆಸರಾದವರು ಬಸ್ರಾದ ಶುಅಬ ಇಬ್ನುಲ್ ಹಜ್ಜಾಜ್ (ಸಾವು 776). ಅವರ ಶಿಷ್ಯ ಯಹ್ಯಾ ಅಲ್-ಕತ್ತಾನ್, ಆ ಬಳಿಕ ಬಗ್ದಾದಿನ ಯಹ್ಯಾ ಇಬ್ನ್ ಮಈನ್ (ಸಾವು 848) ಮತ್ತು ಅಹ್ಮದ್ ಇಬ್ನ್ ಹಂಬಲ್ (ಸಾವು 855) ಅದನ್ನು ಬೆಳೆಸಿದರು. ಇವರಲ್ಲಿ ಇಬ್ನ್ ಮಈನ್ ನನಗೆ ಅತ್ಯಂತ ಆಸಕ್ತಿ ಹುಟ್ಟಿಸುವ ವ್ಯಕ್ತಿ, ಏಕೆಂದರೆ ಅವರ ವಿಧಾನ ನಮ್ಮ ಕಣ್ಣಿಗೆ ನೇರವಾಗಿ ಕಾಣುತ್ತದೆ.

ಬಸ್ರಾದ ಹಮ್ಮಾದ್ ಇಬ್ನ್ ಸಲಮ ಎಂಬ ಗುರುಗಳು ತೀರಿಕೊಂಡಿದ್ದರು. ಅವರ ಹದೀಸ್‌ಗಳನ್ನು ಶಿಷ್ಯರು ಹೇಳುತ್ತಿದ್ದರು. ಇಬ್ನ್ ಮಈನ್ ಒಬ್ಬ ಶಿಷ್ಯರ ಬಳಿ ಹೋಗಿ ಹಮ್ಮಾದರ ಪುಸ್ತಕಗಳನ್ನು ಓದಿ ಕೇಳಿಸಿಕೊಳ್ಳಬೇಕೆಂದರು. ಈ ಮೊದಲು ಬೇರೆ ಯಾರಿಂದಲೂ ಕೇಳಿಲ್ಲವೇ ಎಂಬ ಪ್ರಶ್ನೆ ಬಂತು. ಹದಿನೇಳು ಜನರಿಂದ ಕೇಳಿದ್ದೇನೆ, ನೀವು ಹದಿನೆಂಟನೆಯವರು ಎಂದರು. ಒಂದೇ ಹದೀಸನ್ನು ಹದಿನೆಂಟು ಬಾರಿ ಬರೆದುಕೊಂಡು ಏನು ಮಾಡುತ್ತೀರಿ ಎಂದು ಅವರಿಗೆ ಅಚ್ಚರಿ. ಇಬ್ನ್ ಮಈನ್ ಕೊಟ್ಟ ವಿವರಣೆಯ ಸಾರ ಹೀಗಿದೆ: ಹಮ್ಮಾದ್ ಕೆಲವೆಡೆ ತಪ್ಪುತ್ತಿದ್ದರು. ಆ ತಪ್ಪು ಅವರದೋ, ಅವರಿಂದ ಕೇಳಿದವರದೋ ತಿಳಿಯಬೇಕು. ಹದಿನೆಂಟೂ ಜನ ಒಂದೇ ರೀತಿ ತಪ್ಪು ಹೇಳಿದರೆ ಅದು ಗುರುವಿನ ತಪ್ಪು. ಹದಿನೇಳು ಜನ ಒಂದು ಹೇಳಿ ಒಬ್ಬ ಮಾತ್ರ ಬೇರೆ ಹೇಳಿದರೆ ಅದು ಆ ಶಿಷ್ಯನ ತಪ್ಪು.

ಹಳಗನ್ನಡ ಕಾವ್ಯವನ್ನು ಸಂಪಾದಿಸುವವರು ನಾಲ್ಕಾರು ಓಲೆಪ್ರತಿಗಳನ್ನು ಎದುರಿಟ್ಟುಕೊಂಡು ಪಾಠಾಂತರ ಗುರುತಿಸುವ ಹಾಗೆಯೇ ಇದು; ಇಲ್ಲಿ ಓಲೆಯ ಜಾಗದಲ್ಲಿ ಮನುಷ್ಯರಿದ್ದಾರೆ ಅಷ್ಟೆ. ಹೀಗೆ ಸಾವಿರಾರು ಹದೀಸ್‌ಗಳ ಮೇಲೆ ಹೋಲಿಕೆ ಮಾಡಿದಾಗ ಒಬ್ಬೊಬ್ಬ ವರದಿಗಾರನ ಗುರುತು ಮೂಡುತ್ತದೆ. ಇವನು ಹೆಚ್ಚುಕಡಿಮೆ ಎಲ್ಲದರಲ್ಲೂ ಇತರ ನಂಬಿಗಸ್ತರೊಡನೆ ಹೊಂದುತ್ತಾನೆ, ಇವನು ಆಗಾಗ ಹೆಸರು ಅದಲುಬದಲು ಮಾಡುತ್ತಾನೆ, ಇವನ ಬಳಿ ಇರುವುದು ಬೇರೆ ಯಾರ ಬಳಿಯೂ ಇಲ್ಲ. ನಿಘಂಟುಗಳಲ್ಲಿ ನಾವು ಇಂದು ಓದುವ ‘ನಂಬಿಗಸ್ತ’, ‘ಸತ್ಯವಂತ ಆದರೆ ತಪ್ಪುತ್ತಾನೆ’, ‘ದುರ್ಬಲ’, ‘ಬಿಟ್ಟುಬಿಟ್ಟವನು’ ಎಂಬ ಒಂದೊಂದು ಪದದ ಹಿಂದೆಯೂ ಬಹುಮಟ್ಟಿಗೆ ಇಂಥ ಹೋಲಿಕೆಯ ದುಡಿಮೆ ಇದೆ.

ನೇರ ಪರೀಕ್ಷೆಯೂ ಇತ್ತು. ಕೂಫಾದ ಅಬೂ ನುಐಮ್ ಅವರ ಹದೀಸ್‌ಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿ ಹತ್ತಕ್ಕೊಂದರಂತೆ ಅವರದಲ್ಲದ ಹದೀಸನ್ನು ಸೇರಿಸಿ ಇಬ್ನ್ ಮಈನ್ ಅವರ ಮುಂದೆಯೇ ಓದಿದರು. ಬೇಡ ಎಂದು ಜೊತೆಗಿದ್ದ ಅಹ್ಮದ್ ಇಬ್ನ್ ಹಂಬಲ್ ಎಚ್ಚರಿಸಿದ್ದರು. ಹನ್ನೊಂದನೆಯದು ಬಂದ ಕೂಡಲೇ ಇದು ನನ್ನದಲ್ಲ, ಹೊಡೆದುಹಾಕು ಎಂದರು ಅಬೂ ನುಐಮ್. ಮುಂದಿನ ಎರಡನ್ನೂ ಹಿಡಿದರು. ಇದು ಯಾರ ಕೆಲಸವೆಂದು ಊಹಿಸಿ ಇಬ್ನ್ ಮಈನರನ್ನು ಕಾಲಿನಿಂದ ಒದ್ದು ಕಟ್ಟೆಯಿಂದ ಕೆಳಗೆ ಕೆಡವಿ ಎದ್ದು ಹೋದರು. ಆ ಒದೆತ ತನಗೆ ಇಡೀ ಪ್ರವಾಸಕ್ಕಿಂತ ಹೆಚ್ಚು ಪ್ರಿಯ ಎಂದು ಇಬ್ನ್ ಮಈನ್ ಸಂತೋಷಪಟ್ಟರಂತೆ. ಅವರ ಟಿಪ್ಪಣಿಯಲ್ಲಿ ಅಬೂ ನುಐಮ್ ಗಟ್ಟಿ ನೆನಪಿನವರು ಎಂಬುದು ಖಚಿತವಾಗಿತ್ತು.

ಈ ಶಾಸ್ತ್ರ ಎಷ್ಟು ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ ಎಂದು ನೋಡಲು ಒಬ್ಬರೇ ವರದಿಗಾರರನ್ನು ಹಿಡಿದು ಹೋಗುವುದು ಒಳ್ಳೆಯದು. ಈಜಿಪ್ಟಿನ ಅಬ್ದುಲ್ಲಾ ಇಬ್ನ್ ಲಹೀಅ ಅವರನ್ನು ತೆಗೆದುಕೊಳ್ಳೋಣ. ಅವರು ಹಿಜರಿ 174ರಲ್ಲಿ, ಅಂದರೆ 790ರಲ್ಲಿ ತೀರಿಕೊಂಡರು. ಕೆಲವು ವರ್ಷ ಈಜಿಪ್ಟಿನ ನ್ಯಾಯಾಧೀಶರಾಗಿದ್ದವರು, ಬಹಳ ಬರೆದಿಟ್ಟುಕೊಂಡವರು. ಆ ನಾಡಿನ ಹದೀಸ್‌ಗಳು ಬೇಕೆಂದರೆ ಅವರ ಬಾಗಿಲಿಗೆ ಹೋಗಲೇಬೇಕಿತ್ತು. ಅವರ ಬದುಕಿನ ಕೊನೆಯ ಹಂತದಲ್ಲಿ, ಹಿಜರಿ 170ರ ಸುಮಾರಿಗೆ, ಮನೆಗೆ ಬೆಂಕಿ ಬಿದ್ದು ಪುಸ್ತಕಗಳು ಸುಟ್ಟವು. ಆಮೇಲೆ ಅವರು ನೆನಪಿನಿಂದಲೂ ಇತರರು ತಂದ ಪ್ರತಿಗಳಿಂದಲೂ ಹೇಳತೊಡಗಿದರು. ಅಲ್ಲಿ ಗೊಂದಲ ಶುರುವಾಯಿತು.

ಸುಟ್ಟದ್ದು ಎಷ್ಟು ಎಂಬುದರಲ್ಲೇ ಒಮ್ಮತವಿಲ್ಲ. ಅವರನ್ನು ಬಲ್ಲ ಈಜಿಪ್ಟಿನವರಲ್ಲೇ ಒಬ್ಬರು ಪುಸ್ತಕಗಳು ಸುಡಲೇ ಇಲ್ಲ ಎಂದರೆ ಮತ್ತೊಬ್ಬರು ಕೆಲವು ಮಾತ್ರ ಸುಟ್ಟವು, ಮೂಲ ಪ್ರತಿಗಳು ಉಳಿದಿದ್ದವು ಎನ್ನುತ್ತಾರೆ. ಯಹ್ಯಾ ಇಬ್ನ್ ಹಸ್ಸಾನ್ ಎಂಬುವರ ಸಾಕ್ಷ್ಯ ಬೆಂಕಿಗಿಂತ ಆಳವಾದ ದೋಷವನ್ನು ತೋರಿಸುತ್ತದೆ. ಕೆಲವರು ಇಬ್ನ್ ಲಹೀಅ ಅವರಿಂದ ಕೇಳಿದ ಕಿರುಹೊತ್ತಗೆ ಎಂದು ಹಿಡಿದುಕೊಂಡಿದ್ದುದನ್ನು ಅವರು ನೋಡಿದರು. ಅದರಲ್ಲಿ ಇಬ್ನ್ ಲಹೀಅ ಅವರ ಹದೀಸ್ ಒಂದೂ ಇರಲಿಲ್ಲ. ನೇರವಾಗಿ ಅವರನ್ನೇ ಹೋಗಿ ಕೇಳಿದಾಗ, ನಾನೇನು ಮಾಡಲಿ, ಪುಸ್ತಕ ತಂದು ಇದು ನಿಮ್ಮ ಹದೀಸ್ ಎನ್ನುತ್ತಾರೆ, ನಾನು ಓದಿ ಹೇಳುತ್ತೇನೆ ಎಂದರು. ಇದರಲ್ಲಿ ಸುಳ್ಳಿಲ್ಲ. ಮುದಿ ವಯಸ್ಸಿನ, ಯಾರನ್ನೂ ಇಲ್ಲ ಎನ್ನಲಾರದ ಒಬ್ಬ ಗುರುವಿನ ಅಸಹಾಯಕತೆ ಇದೆ. ಆದರೂ ಆ ಹೊತ್ತಗೆಯಲ್ಲಿದ್ದುದೆಲ್ಲ ಮುಂದೆ ಅವರ ಹೆಸರಲ್ಲೇ ಓಡಾಡುವಂಥದ್ದು.

ವಿಮರ್ಶಕರು ಇಲ್ಲಿ ಏನು ಮಾಡಿದರು ಎಂಬುದು ಮುಖ್ಯ. ಇಬ್ನ್ ಮಈನ್ ಅವರನ್ನು ಒಟ್ಟಾರೆ ದುರ್ಬಲ ಎಂದರು. ಬೇರೆ ಹಲವರು ಕಾಲವನ್ನು ಇಬ್ಭಾಗ ಮಾಡಿದರು. ಬೆಂಕಿಗೆ ಮುಂಚೆ, ಅವರ ಮೂಲ ಪುಸ್ತಕದಿಂದಲೇ ಬರೆದುಕೊಂಡ ಶಿಷ್ಯರು ಯಾರು ಎಂದು ಪಟ್ಟಿ ಮಾಡಿದರು. ಅಬ್ದುಲ್ಲಾ ಎಂಬ ಹೆಸರಿನವರೇ ಕೆಲವರು ಆ ಪಟ್ಟಿಯ ಮುಂಚೂಣಿಯಲ್ಲಿದ್ದರು: ಮರ್ವ್‌ನ ಇಬ್ನುಲ್ ಮುಬಾರಕ್, ಈಜಿಪ್ಟಿನ ಇಬ್ನ್ ವಹ್ಬ್, ಅಲ್-ಮುಕ್ರಿ. ಇವರು ತಂದದ್ದನ್ನು ಒಪ್ಪಬಹುದು, ಉಳಿದವರದನ್ನು ಬೇರೆ ಆಧಾರ ಸಿಕ್ಕದ ಹೊರತು ಒಪ್ಪಬಾರದು ಎಂಬ ನಿಲುವು ರೂಪುಗೊಂಡಿತು. ಇದಕ್ಕೂ ಅಪವಾದ ಸಿಕ್ಕಿತು. ಖುರಾಸಾನಿನ ಕುತೈಬ ತಡವಾಗಿ ಬಂದ ಶಿಷ್ಯರು. ಆದರೂ ಅವರ ಬಳಿಯಿರುವ ಇಬ್ನ್ ಲಹೀಅ ಹದೀಸ್‌ಗಳು ಸರಿಯಾಗಿವೆ ಎಂದು ಅಹ್ಮದ್ ಇಬ್ನ್ ಹಂಬಲ್ ಗುರುತಿಸಿದರು. ಕುತೈಬ ಕಾರಣ ಕೊಟ್ಟರು: ನಾವು ಮೊದಲು ಇಬ್ನ್ ವಹ್ಬರ ಪುಸ್ತಕದಿಂದ ನಕಲು ಮಾಡಿಕೊಂಡು ಆಮೇಲೆ ಇಬ್ನ್ ಲಹೀಅ ಅವರಿಂದ ಕೇಳುತ್ತಿದ್ದೆವು.

ಹಾಗಾಗಿ ಈ ಗುರುವಿನ ಕುರಿತು ‘ನಂಬಬಹುದೇ, ಇಲ್ಲವೇ’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಶಿಷ್ಯ, ಯಾವ ವರ್ಷ, ಯಾವ ಪ್ರತಿಯಿಂದ ಎಂದು ತಿಳಿದರೆ ಮಾತ್ರ ಉತ್ತರವಿದೆ. ಹದೀಸ್ ಸಂಗ್ರಹಕಾರ ಮುಸ್ಲಿಮ್ ತಮ್ಮ ಪ್ರಸಿದ್ಧ ಸಂಗ್ರಹದಲ್ಲಿ ಇಬ್ನ್ ಲಹೀಅ ಅವರಿಗೆ ಜಾಗ ಕೊಟ್ಟದ್ದು ಜೊತೆಗೆ ಇನ್ನೊಬ್ಬ ನಂಬಿಗಸ್ತ ವರದಿಗಾರ ಇದ್ದ ಕಡೆ ಮಾತ್ರ.

ಇಷ್ಟೊಂದು ವಿವರ ಒಬ್ಬರಿಗೆ. ಇಂಥ ವರದಿಗಾರರು ಸಾವಿರಾರು ಜನ, ಸ್ಪೇನಿನಿಂದ ಮಧ್ಯ ಏಷ್ಯಾದವರೆಗೆ ಚದುರಿದವರು. ಮೊದಲ ವಿಮರ್ಶಕರು ಇದನ್ನೆಲ್ಲ ತಲೆಯಲ್ಲಿ ಹೊತ್ತಿದ್ದರು; ಪ್ರಶ್ನೆ ಕೇಳಿದರೆ ಬಾಯಲ್ಲಿ ಉತ್ತರಿಸುತ್ತಿದ್ದರು, ಶಿಷ್ಯರು ಬರೆದುಕೊಳ್ಳುತ್ತಿದ್ದರು. ಇಬ್ನ್ ಮಈನರ ಅಭಿಪ್ರಾಯಗಳು ನಮಗೆ ಸಿಕ್ಕಿರುವುದು ಹೀಗೆ ಬೇರೆ ಬೇರೆ ಶಿಷ್ಯರ ಪ್ರಶ್ನೋತ್ತರದ ಟಿಪ್ಪಣಿಗಳ ಮೂಲಕ. ಆ ಪೀಳಿಗೆ ಸತ್ತರೆ ಜ್ಞಾನವೂ ಹೋಗುತ್ತಿತ್ತು. ನಿಘಂಟು ಹುಟ್ಟಿದ್ದು ಈ ಭಯದಿಂದ.

ಮೊದಲ ದೊಡ್ಡ ಪ್ರಯತ್ನಗಳಲ್ಲಿ ಬಗ್ದಾದಿನ ಇಬ್ನ್ ಸಅದ್ (ಸಾವು 845) ಅವರದು ಒಂದು. ಅವರು ಜನರನ್ನು ಊರು ಮತ್ತು ಪೀಳಿಗೆಯ ಪ್ರಕಾರ ಜೋಡಿಸಿದರು: ಮದೀನದವರು, ಕೂಫಾದವರು, ಬಸ್ರಾದವರು, ಮೊದಲು ಸಂಗಾತಿಗಳು, ಬಳಿಕ ಅವರ ಶಿಷ್ಯರು, ಬಳಿಕ ಶಿಷ್ಯರ ಶಿಷ್ಯರು. ಕೊನೆಯಲ್ಲಿ ಹೆಣ್ಣುಮಕ್ಕಳಿಗೇ ಒಂದು ಸಂಪುಟ. ಓದಲು ಇದು ಸೊಗಸು. ಆದರೆ ಹುಡುಕಲು ಕಷ್ಟ, ಏಕೆಂದರೆ ಒಬ್ಬರನ್ನು ಹುಡುಕಬೇಕಾದರೆ ಅವರ ಊರೂ ಕಾಲವೂ ನಿಮಗೆ ಮೊದಲೇ ಗೊತ್ತಿರಬೇಕು. ಸರಪಳಿ ಓದುವವನ ಕೈಯಲ್ಲಿರುವುದು ಬರೀ ಒಂದು ಹೆಸರು.

ಆ ಹೆಸರಿನಿಂದಲೇ ಹೊರಡುವ ದಾರಿಯನ್ನು ತೆರೆದವರು ಇಮಾಮ್ ಬುಖಾರಿ (810–870). ಹದಿನೆಂಟರ ಹರೆಯದಲ್ಲಿ ಮದೀನದಲ್ಲಿ, ಪ್ರವಾದಿಯವರ ಸಮಾಧಿಯ ಬಳಿ, ಬೆಳದಿಂಗಳ ರಾತ್ರಿಗಳಲ್ಲಿ ತಾನು ಇದನ್ನು ಬರೆದೆನೆಂದು ಅವರೇ ನೆನೆದಿದ್ದಾರೆ. ‘ಅತ್ತಾರೀಖುಲ್ ಕಬೀರ್’ ಎಂಬ ಈ ಗ್ರಂಥದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಪ್ರವಾದಿಯವರ ಗೌರವಾರ್ಥ ಮುಹಮ್ಮದ್ ಹೆಸರಿನವರು ಮೊದಲು, ಉಳಿದವರು ಅಕ್ಷರಾನುಕ್ರಮದಲ್ಲಿ. ಪ್ರತಿ ನಮೂದು ಬಹಳ ಚಿಕ್ಕದು: ಹೆಸರು, ತಂದೆಯ ಹೆಸರು, ಊರು, ಯಾರಿಂದ ಕೇಳಿದರು, ಅವರಿಂದ ಯಾರು ಕೇಳಿದರು. ಗುಣದೋಷದ ಮಾತು ಅಲ್ಲಲ್ಲಿ ಮಾತ್ರ. ಬುಖಾರಿಗೆ ಮುಖ್ಯವಾಗಿದ್ದುದು ಇಬ್ಬರು ನಿಜವಾಗಿ ಭೇಟಿಯಾಗಿದ್ದರೇ ಎಂಬುದು. ‘ಕೇಳಿದರು’ ಎಂಬ ಒಂದು ಕ್ರಿಯಾಪದಕ್ಕೆ ಅವರಲ್ಲಿ ಅಷ್ಟು ತೂಕ.

ತೀರ್ಪುಗಳನ್ನು ತುಂಬಿದವರು ಇರಾನಿನ ರಯ್ ಪಟ್ಟಣದ ಇಬ್ನ್ ಅಬೀ ಹಾತಿಮ್ (854–938). ಅವರ ತಂದೆ ಅಬೂ ಹಾತಿಮ್, ತಂದೆಯ ಗೆಳೆಯ ಅಬೂ ಝುರಅ, ಇಬ್ಬರೂ ದೊಡ್ಡ ವಿಮರ್ಶಕರು. ಅವರನ್ನು ಒಬ್ಬೊಬ್ಬ ವರದಿಗಾರನ ಬಗ್ಗೆಯೂ ಕೇಳಿ, ಅಹ್ಮದ್ ಮತ್ತು ಇಬ್ನ್ ಮಈನರ ಅಭಿಪ್ರಾಯಗಳನ್ನು ಅವರ ಶಿಷ್ಯರಿಂದ ಕಲೆಹಾಕಿ, ಸುಮಾರು ಹದಿನೆಂಟು ಸಾವಿರ ನಮೂದುಗಳ ‘ಅಲ್-ಜರ್ಹ್ ವತ್ತಅದೀಲ್’ ಗ್ರಂಥ ಮಾಡಿದರು. ಹೆಸರಿನ ಅರ್ಥ ಸ್ಥೂಲವಾಗಿ ದೋಷವೆಣಿಕೆ ಮತ್ತು ನಂಬಿಕೆಯ ಸಾಕ್ಷ್ಯ. ವಿಮರ್ಶಕರು ಬಳಸುತ್ತಿದ್ದ ಪದಗಳನ್ನು ಅವರು ಮೆಟ್ಟಿಲುಗಳಾಗಿ ಇಳಿಜೋಡಿಸಿದರು. ಯಾವ ಪದ ಬಂದರೆ ಆ ವ್ಯಕ್ತಿಯ ಹದೀಸನ್ನು ಆಧಾರವಾಗಿ ಹಿಡಿಯಬಹುದು, ಯಾವ ಪದ ಬಂದರೆ ಬರೆದುಕೊಂಡು ಬೇರೆಯವರೊಡನೆ ಹೋಲಿಸಿ ನೋಡಬೇಕು, ಯಾವ ಪದ ಬಂದರೆ ಬರೆದುಕೊಳ್ಳಲೂ ಬಾರದು ಎಂದು.

ಈ ಕೆಲಸ ಅವರಿಗೆ ಸುಲಭವಾಗಿರಲಿಲ್ಲ. ಸತ್ತವರ ಬಗ್ಗೆ ಕೆಟ್ಟದು ಹೇಳುವುದು ಪರನಿಂದೆ, ಇಸ್ಲಾಮಿನಲ್ಲಿ ದೊಡ್ಡ ಪಾಪ. ಒಮ್ಮೆ ಅವರು ಈ ಗ್ರಂಥವನ್ನು ಓದಿ ಹೇಳುತ್ತಿದ್ದಾಗ ಯೂಸುಫ್ ಇಬ್ನುಲ್ ಹುಸೈನ್ ಎಂಬ ಸೂಫಿ ಬಂದು, ನೂರು ಇನ್ನೂರು ವರ್ಷಗಳ ಹಿಂದೆಯೇ ಸ್ವರ್ಗದಲ್ಲಿ ನೆಲೆಸಿರಬಹುದಾದ ಜನರನ್ನು ನೀನಿಲ್ಲಿ ಕುಳಿತು ಆಡಿಕೊಳ್ಳುತ್ತಿದ್ದೀಯಲ್ಲ ಎಂದರು. ಇಬ್ನ್ ಅಬೀ ಹಾತಿಮ್ ಅತ್ತುಬಿಟ್ಟರು. ಆದರೂ ಪುಸ್ತಕ ಉಳಿಯಿತು. ವಿಮರ್ಶಕರ ಸಮರ್ಥನೆ ಒಂದೇ: ನ್ಯಾಯಾಲಯದಲ್ಲಿ ಸಾಕ್ಷಿಯ ನಂಬಿಕೆಯನ್ನು ಪ್ರಶ್ನಿಸುವುದು ನಿಂದೆಯಲ್ಲವಾದರೆ ಧರ್ಮದ ಮಾತಿಗೆ ಸಾಕ್ಷಿ ನಿಂತವರನ್ನು ಪ್ರಶ್ನಿಸುವುದೂ ನಿಂದೆಯಲ್ಲ. ಆದರೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚು ಆಡಬಾರದು. ಬುಖಾರಿಯಂಥವರು ಸುಳ್ಳುಗಾರ ಎನ್ನಬೇಕಾದ ಕಡೆ ‘ಇವರ ಬಗ್ಗೆ ಮೌನ ವಹಿಸಿದ್ದಾರೆ’ ಎಂದಷ್ಟೇ ಬರೆಯುತ್ತಿದ್ದರು. ಬಲ್ಲವರಿಗೆ ಗೊತ್ತು, ಅದು ಅವರ ಕೈಯಲ್ಲಿ ಅತ್ಯಂತ ಕಠಿಣ ತೀರ್ಪುಗಳಲ್ಲೊಂದು.

ಹೆಸರುಗಳ ಜಂಜಾಟವೇ ಬೇರೆ. ಹಳೆಯ ಅರಬಿ ಬರವಣಿಗೆಯಲ್ಲಿ ಅಕ್ಷರಗಳ ಚುಕ್ಕಿಗಳನ್ನೂ ಸ್ವರಗಳನ್ನೂ ಎಷ್ಟೋ ಸಲ ಬಿಟ್ಟುಬಿಡುತ್ತಿದ್ದರು. ಒಂದೇ ರೂಪವನ್ನು ಸಲೀಮ್ ಎಂದೂ ಓದಬಹುದು, ಸುಲೈಮ್ ಎಂದೂ ಓದಬಹುದು. ಹೆಸರೂ ತಂದೆಯ ಹೆಸರೂ ಒಂದೇ ಆಗಿರುವ ನಾಲ್ಕಾರು ಜನ ಒಂದೇ ಕಾಲದಲ್ಲಿ ಇರುವುದುಂಟು. ಒಬ್ಬನೇ ವ್ಯಕ್ತಿ ಒಂದು ಸರಪಳಿಯಲ್ಲಿ ಹೆಸರಿನಿಂದ, ಇನ್ನೊಂದರಲ್ಲಿ ‘ಇಂಥವನ ತಂದೆ’ ಎಂದು, ಮತ್ತೊಂದರಲ್ಲಿ ಊರಿನ ಹೆಸರಿನಿಂದ ಬರುವುದುಂಟು. ದುರ್ಬಲನೊಬ್ಬ ನಂಬಿಗಸ್ತನ ಹೆಸರಿನಲ್ಲಿ ನುಸುಳಿದರೆ ಇಡೀ ಸರಪಳಿಯ ಬೆಲೆ ಬದಲಾಗುತ್ತದೆ. ಬಗ್ದಾದಿನ ಅಲ್-ಖತೀಬ್ (1002–1071) ಒಂದೇ ಹೆಸರಿನ ಬೇರೆ ಬೇರೆ ಜನರನ್ನು ಬಿಡಿಸಿ ಹೇಳಲೆಂದೇ ಒಂದು ಗ್ರಂಥ ಬರೆದರು. ಇಬ್ಬರನ್ನು ಒಬ್ಬರೆಂದು ಕೂಡಿಸಿದ, ಒಬ್ಬರನ್ನು ಇಬ್ಬರೆಂದು ಒಡೆದ ಹಿಂದಿನ ವಿದ್ವಾಂಸರ ತಪ್ಪುಗಳಿಗೆ ಮತ್ತೊಂದು. ಆ ಎರಡನೆಯದರಲ್ಲಿ ಬುಖಾರಿಯ ಹೆಸರೂ ಬರುತ್ತದೆ.

ಮುಂದಿನ ಶತಮಾನಗಳ ಓದುಗರಿಗೆ ಎಲ್ಲ ವರದಿಗಾರರೂ ಬೇಕಿರಲಿಲ್ಲ. ಪ್ರಮಾಣವೆಂದು ನೆಲೆಗೊಂಡ ಆರು ಹದೀಸ್ ಗ್ರಂಥಗಳಲ್ಲಿ ಬರುವವರು ಮುಖ್ಯವಾಗಿ ಬೇಕಿತ್ತು. ಆ ಕೆಲಸವನ್ನು ಅಬ್ದುಲ್ ಗನೀ ಅಲ್-ಮಕ್ದಿಸೀ (ಸಾವು 1203) ಶುರು ಮಾಡಿದರು. ಅದನ್ನು ತಿದ್ದಿ ಬೆಳೆಸಿದವರು ದಮಾಸ್ಕಸ್ಸಿನ ಅಲ್-ಮಿಝ್ಝೀ (1256–1341). ಅವರ ‘ತಹ್ಝೀಬುಲ್ ಕಮಾಲ್’ ಇಂದಿನ ಮುದ್ರಣದಲ್ಲಿ 35 ಸಂಪುಟ. ಒಬ್ಬ ವರದಿಗಾರನ ಗುರುಗಳೆಲ್ಲರ ಪಟ್ಟಿ ಅಕ್ಷರಾನುಕ್ರಮದಲ್ಲಿ, ಶಿಷ್ಯರೆಲ್ಲರ ಪಟ್ಟಿ ಹಾಗೆಯೇ, ಪ್ರತಿ ಹೆಸರಿನ ಪಕ್ಕ ಆ ಸಂಬಂಧ ಯಾವ ಗ್ರಂಥದಲ್ಲಿ ಸಿಗುತ್ತದೆ ಎಂದು ತೋರಿಸುವ ಒಂದಕ್ಷರದ ಸಂಕೇತ. ಸರಪಳಿಯಲ್ಲಿ ಬರೀ ‘ಸುಫ್ಯಾನ್’ ಎಂದಿದ್ದರೆ ಕೂಫಾದ ಸುಫ್ಯಾನೋ ಮಕ್ಕದ ಸುಫ್ಯಾನೋ ಎಂದು ತಿಳಿಯಲು ಅವನ ಹಿಂದಿನ ಮತ್ತು ಮುಂದಿನ ಹೆಸರನ್ನು ಈ ಪಟ್ಟಿಗಳಲ್ಲಿ ನೋಡಿದರೆ ಬಹಳ ಸಲ ಉತ್ತರ ಸಿಗುತ್ತದೆ. ಈ ಶಾಸ್ತ್ರದ ಅತ್ಯುತ್ತಮ ಉಪಕರಣ ಇದೇ ಎಂದು ನನ್ನ ಅನಿಸಿಕೆ.

ಕೈರೋದ ಇಬ್ನ್ ಹಜರ್ ಅಲ್-ಅಸ್ಕಲಾನೀ (1372–1449) ಅದನ್ನು ‘ತಹ್ಝೀಬುತ್ತಹ್ಝೀಬ್’ ಎಂದು ಸಂಗ್ರಹಿಸಿದರು. ಗುರುಶಿಷ್ಯರ ಪಟ್ಟಿ ಕತ್ತರಿಸಿ ವಿಮರ್ಶಕರ ಅಭಿಪ್ರಾಯಗಳನ್ನು ಹೆಚ್ಚಿಸಿದರು. ಆಮೇಲೆ ‘ತಕ್ರೀಬ್’ ಎಂಬ ಕೈಪಿಡಿಯಲ್ಲಿ ಪ್ರತಿಯೊಬ್ಬರಿಗೂ ಒಂದೆರಡು ಸಾಲು: ಹೆಸರು, ಹನ್ನೆರಡು ದರ್ಜೆಗಳಲ್ಲಿ ಯಾವುದು, ಹನ್ನೆರಡು ಪೀಳಿಗೆಗಳಲ್ಲಿ ಯಾವುದು, ಸಾವಿನ ವರ್ಷ. ಅಲ್ಲಿ ಇಬ್ನ್ ಲಹೀಅ ಅವರನ್ನು ಹುಡುಕಿದರೆ ಸತ್ಯವಂತ, ಪುಸ್ತಕ ಸುಟ್ಟ ಮೇಲೆ ಗೊಂದಲಕ್ಕೊಳಗಾದರು, ಇಬ್ನುಲ್ ಮುಬಾರಕ್ ಮತ್ತು ಇಬ್ನ್ ವಹ್ಬ್ ತಂದದ್ದು ಉಳಿದವರದಕ್ಕಿಂತ ಸರಿ ಎಂಬ ಸಾರ ಸಿಗುತ್ತದೆ. ಅನುಕೂಲ ದೊಡ್ಡದು, ಅಪಾಯವೂ ಇದೆ. ಎರಡು ಸಾಲು ಓದಿದವರಿಗೆ ಸುಟ್ಟದ್ದರ ಬಗ್ಗೆಯೇ ಇದ್ದ ತಕರಾರು, ಕುತೈಬರ ಅಪವಾದ, ಇಬ್ನ್ ಮಈನರ ಕಠಿಣ ಮಾತು ಯಾವುದೂ ಕಾಣುವುದಿಲ್ಲ. ಅದಕ್ಕೇ ಬಲ್ಲವರು ಕೈಪಿಡಿಯಿಂದ ಹೊರಟು ದೊಡ್ಡ ಗ್ರಂಥಗಳಿಗೆ ಹೋಗುತ್ತಾರೆ.

ಶಿಯಾ ಪರಂಪರೆಯಲ್ಲೂ ಇದೇ ಶಾಸ್ತ್ರ ಬೆಳೆಯಿತು. ಹನ್ನೊಂದನೆಯ ಶತಮಾನದ ನಜಾಶೀ ಮತ್ತು ತೂಸೀ ಅವರ ಗ್ರಂಥಗಳು ಅಲ್ಲಿ ಮೂಲಾಧಾರ. ಎರಡೂ ಕಡೆಯ ನಿಘಂಟುಗಳನ್ನು ಪಕ್ಕಪಕ್ಕ ಇಟ್ಟರೆ ಒಂದೇ ಮನುಷ್ಯನಿಗೆ ಎರಡು ತೀರ್ಪು ಸಿಗುವುದುಂಟು. ಪಕ್ಷಪಾತದ ಈ ಅಪಾಯವನ್ನು ವಿಮರ್ಶಕರೂ ಬಲ್ಲರು. ಒಂದೇ ಊರಿನ ಸಮಕಾಲೀನರು ಒಬ್ಬರ ಮೇಲೊಬ್ಬರು ಆಡಿದ ಮಾತನ್ನು ಹಾಗೇ ನಂಬಬಾರದು ಎಂಬ ನಿಯಮ ಬಂದದ್ದು ಇಮಾಮ್ ಮಾಲಿಕ್ ಪ್ರವಾದಿಯವರ ಚರಿತ್ರೆಕಾರ ಇಬ್ನ್ ಇಸ್ಹಾಕರನ್ನು ತೀರ ಕಟುವಾಗಿ ಜರೆದಂಥ ಪ್ರಸಂಗಗಳಿಂದ. ಕಾರಣ ಹೇಳದ ಆರೋಪಕ್ಕಿಂತ ಕಾರಣ ಹೇಳಿದ ಆರೋಪಕ್ಕೆ ಹೆಚ್ಚು ತೂಕ, ಸಣ್ಣ ತಪ್ಪಿಗೂ ಸಿಡಿಯುವ ವಿಮರ್ಶಕ ಹೊಗಳಿದರೆ ಆ ಹೊಗಳಿಕೆಗೆ ಹೆಚ್ಚು ಬೆಲೆ ಎಂಬವೂ ಹಾಗೆ ಬಂದ ನಿಯಮಗಳೇ. ದಮಾಸ್ಕಸ್ಸಿನ ಝಹಬೀ (ಸಾವು 1348) ದೋಷಾರೋಪಕ್ಕೆ ಒಳಗಾದವರ ದೊಡ್ಡ ನಿಘಂಟು ಬರೆದಾಗ ಒಂದು ವಿಷಯ ಗಮನಿಸಿ ದಾಖಲಿಸಿದರು: ಹೆಣ್ಣು ವರದಿಗಾರರಲ್ಲಿ ಸುಳ್ಳಿನ ಆರೋಪ ಹೊತ್ತವರು ಒಬ್ಬರೂ ತಮಗೆ ಗೊತ್ತಿಲ್ಲ ಎಂದು.

ಆಧುನಿಕ ಇತಿಹಾಸಕಾರರ ಅನುಮಾನ ಇನ್ನೂ ಬುಡಕ್ಕೆ ಹೋಗುತ್ತದೆ. ಜೋಸೆಫ್ ಶಾಖ್ಟ್ 1950ರಲ್ಲಿ, ಅನೇಕ ಸರಪಳಿಗಳು ಕಾಲ ಕಳೆದಂತೆ ಹಿಂದಕ್ಕೆ ಬೆಳೆದಿವೆ, ಮೊದಲು ಶಿಷ್ಯನ ಹೆಸರಲ್ಲಿದ್ದ ಮಾತು ಆಮೇಲೆ ಪ್ರವಾದಿಯವರವರೆಗೆ ಮುಟ್ಟಿದೆ ಎಂದು ವಾದಿಸಿದರು. ಹಾಗಾದರೆ ಅತ್ಯಂತ ಹಿಂದಿನ ಪೀಳಿಗೆಯವರ ಬಗ್ಗೆ ನಿಘಂಟು ಹೇಳುವುದೆಷ್ಟು ಗಟ್ಟಿ? ಅವರ ಬಗೆಗಿನ ತೀರ್ಪು ನಿಂತಿರುವುದು ಅವರ ಹೆಸರಲ್ಲಿ ಬಂದ ವರದಿಗಳ ಮೇಲೆಯೇ. ಹರಾಲ್ಡ್ ಮೋಟ್ಸ್‌ಕಿ ಒಂದೇ ಹದೀಸಿನ ಹಲವು ಪಾಠಗಳನ್ನು ಸರಪಳಿಗಳ ಜೊತೆಗೇ ಹೋಲಿಸಿ, ಕೆಲವು ಹದೀಸ್‌ಗಳ ಮೂಲ ಶಾಖ್ಟ್ ಊಹಿಸಿದ್ದಕ್ಕಿಂತ ಹಿಂದಿನದು ಎಂದು ತೋರಿಸಿದರು. ಇಬ್ನ್ ಮಈನ್ ಹದಿನೆಂಟು ಶಿಷ್ಯರನ್ನು ಎದುರುಬದುರು ಇಟ್ಟ ಕ್ರಮಕ್ಕೆ ಇದು ತೀರ ದೂರದ್ದಲ್ಲ. ಎಂಟನೆಯ ಶತಮಾನದ ನಡುವಿನಿಂದ ಈಚಿನವರ ಬಗ್ಗೆ ನಿಘಂಟುಗಳು ಹೆಚ್ಚು ಗಟ್ಟಿ ನೆಲದಲ್ಲಿವೆ ಎಂದು ನನಗೆ ತೋರುತ್ತದೆ, ಏಕೆಂದರೆ ಅವರನ್ನು ಪರೀಕ್ಷಿಸಿದವರು ಅವರ ಎದುರಿಗೇ ಕುಳಿತವರು.

ಈ ಗ್ರಂಥಗಳು ಅಚ್ಚಿಗೆ ಬಂದ ಕತೆಯಲ್ಲಿ ನಮ್ಮ ನೆರೆಯ ಹೈದರಾಬಾದಿಗೆ ದೊಡ್ಡ ಪಾಲಿದೆ. 1888ರಲ್ಲಿ ಅಲ್ಲಿ ಹುಟ್ಟಿದ ದಾಯಿರತುಲ್ ಮಆರಿಫ್ ಸಂಸ್ಥೆ ನಿಜಾಮರ ಆಶ್ರಯದಲ್ಲಿ ಅರಬಿಯ ಹಳೆಯ ಹಸ್ತಪ್ರತಿಗಳನ್ನು ಸಂಪಾದಿಸಿ ಪ್ರಕಟಿಸುತ್ತಿತ್ತು. ಕಲಬುರಗಿ, ಬೀದರ್, ರಾಯಚೂರುಗಳು ಅದೇ ಸಂಸ್ಥಾನದಲ್ಲಿದ್ದ ಕಾಲ ಅದು. ಇಬ್ನ್ ಹಜರರ ‘ತಹ್ಝೀಬುತ್ತಹ್ಝೀಬ್’ 1907ರಿಂದ 1909ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಲ್ಲಿಂದ ಬಂತು. ಬುಖಾರಿ ಮತ್ತು ಇಬ್ನ್ ಅಬೀ ಹಾತಿಮರ ನಿಘಂಟುಗಳು 1940ರ ದಶಕದಿಂದ ಮುಂದೆ ಬಂದವು. ಅವುಗಳ ಮೇಲೆ ದುಡಿದವರಲ್ಲಿ ಪ್ರಮುಖರು ಯೆಮನ್‌ನಿಂದ ಬಂದು ಹೈದರಾಬಾದಿನಲ್ಲಿ ಸುಮಾರು ಕಾಲು ಶತಮಾನ ನೆಲೆಸಿದ್ದ ಅಬ್ದುರ್ರಹ್ಮಾನ್ ಅಲ್-ಮುಅಲ್ಲಿಮೀ. 1950ರ ದಶಕದ ಆರಂಭದಲ್ಲಿ ಅವರು ಮಕ್ಕಕ್ಕೆ ಹೋಗಿ ಅಲ್ಲಿನ ಹರಮ್ ಗ್ರಂಥಾಲಯದ ಹೊಣೆ ಹೊತ್ತರು, 1966ರಲ್ಲಿ ತೀರಿಕೊಂಡರು.

ಅವರು ಸಂಪಾದಿಸಿದ ಒಂದು ಚಿಕ್ಕ ಪುಸ್ತಕ ಈ ಶಾಸ್ತ್ರದ ಗುಣವನ್ನು ಚೆನ್ನಾಗಿ ತೋರಿಸುತ್ತದೆ. ಬುಖಾರಿಯ ನಿಘಂಟಿನಲ್ಲಿರುವ ತಪ್ಪುಗಳೆಂದು ಅಬೂ ಝುರಅ ಮತ್ತು ಅಬೂ ಹಾತಿಮ್ ಹೇಳಿದ್ದನ್ನು ಇಬ್ನ್ ಅಬೀ ಹಾತಿಮ್ ಪಟ್ಟಿ ಮಾಡಿದ್ದರು. ಮುಅಲ್ಲಿಮೀ ಆ ಪಟ್ಟಿಯನ್ನು ಒಂದೊಂದಾಗಿ ಬುಖಾರಿಯ ನಿಘಂಟಿನೊಡನೆ ಹೋಲಿಸಿದರು. ತಪ್ಪೆಂದು ಹೇಳಿದ ಹಲವು ಕಡೆ ಬುಖಾರಿಯ ಪಾಠ ಸರಿಯಾಗಿಯೇ ಇತ್ತು. ಬುಖಾರಿ ತಮ್ಮ ನಿಘಂಟನ್ನು ಮತ್ತೆ ಮತ್ತೆ ತಿದ್ದಿ ಹೊರತಂದಿದ್ದರು. ರಯ್‌ನ ವಿದ್ವಾಂಸರ ಕೈಗೆ ಸಿಕ್ಕಿದ್ದು ಮೊದಲ ಕರಡಿನ ಪ್ರತಿ ಎಂದು ಮುಅಲ್ಲಿಮೀ ತೀರ್ಮಾನಿಸಿದರು. ಇಬ್ನ್ ಲಹೀಅ ಅವರ ವಿಷಯದಲ್ಲಿ ವಿಮರ್ಶಕರು ಯಾವ ಶಿಷ್ಯ, ಯಾವ ವರ್ಷ, ಯಾವ ಪ್ರತಿ ಎಂದು ಕೇಳಿದ್ದರು. ಸಾವಿರ ವರ್ಷಗಳ ಬಳಿಕ ಅದೇ ಪ್ರಶ್ನೆಗಳನ್ನು ಮುಅಲ್ಲಿಮೀ ಆ ವಿಮರ್ಶಕರ ಪುಸ್ತಕಗಳಿಗೇ ಕೇಳಿದರು, ಉತ್ತರಗಳನ್ನು ಅಡಿಟಿಪ್ಪಣಿಯಲ್ಲಿ ಬರೆದರು.